ಬಸ್ಸಿನ ಬುತ್ತಿ: ಚಿತ್ರಾನ್ನದ ಹುಳಿ ಅಗುಳಿನೊಳಗೆ ಇಳಿದ ಮೇಲೆ

ಹೋದ ವರ್ಷ ಏಪ್ರಿಲ್‌ನಲ್ಲಿ ಹಾಸನದಿಂದ ಮಂತ್ರಾಲಯಕ್ಕೆ ಹೊರಟ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟಿದ್ದೆ. 40 ಜನ. ಬೆಳಿಗ್ಗೆ ತಿಂಡಿಗೆ ಮೊಸರನ್ನ, ಮಧ್ಯಾಹ್ನಕ್ಕೆ ಚಿತ್ರಾನ್ನ, ರಾತ್ರಿಗೆ ಪುಳಿಯೋಗರೆ. ಮೂರೂ ಹುಳಿ ಅನ್ನವೇ ಅಲ್ವಾ, ಇರುತ್ತೆ ಅಂದುಕೊಂಡಿದ್ದೆ. ಚಳ್ಳಕೆರೆ ದಾಟಿದ ಮೇಲೆ ಫೋನ್ ಬಂತು. ಚಿತ್ರಾನ್ನ ಹಳಸಿದೆ, ಮುಚ್ಚಳ ತೆಗೆದರೆ ವಾಸನೆ. ಎರಡು ಡಬ್ಬಿ ಪೂರ್ತಿ ರಸ್ತೆ ಪಕ್ಕ ಸುರಿದರು. ಸುಮಾರು 3,500 ರೂಪಾಯಿ ವಾಪಸ್ ಕೊಟ್ಟೆ. ಆ ತಿಂಗಳ ಲಾಭ ಅಲ್ಲಿಗೆ ಮುಗಿಯಿತು.

ವಿಚಿತ್ರ ಏನಂದರೆ, ಅದೇ ಬಸ್ಸಿನ ಪುಳಿಯೋಗರೆ ರಾತ್ರಿ 9ಕ್ಕೂ ಚೆನ್ನಾಗೇ ಇತ್ತು. ಅನ್ನ ಒಂದೇ ಹಂಡೆಯದು. ಸೋನಾ ಮಸೂರಿ, ನಸುಕಿನ 3 ಗಂಟೆಗೆ ಇಳಿಸಿದ್ದು. ಹಾಗಾದರೆ ಅಕ್ಕಿಯ ತಪ್ಪಲ್ಲ.

ಸುರಿಯದೆ ವಾಪಸ್ ತಂದ ಇನ್ನೊಂದು ಡಬ್ಬಿಯನ್ನು ಕೂತು ನೋಡಿದೆ. ಮುಚ್ಚಳದ ಒಳಗೆ ಬೆವರಿನ ಹನಿ. ಅದು ಉದುರಿದ ಕಡೆ ಮೇಲಿನ ಅಗುಳು ಲೋಳೆ ಆಗಿ, ಬೆರಳಲ್ಲಿ ಒತ್ತಿ ಎತ್ತಿದರೆ ನೂಲು ಬರುತ್ತಿತ್ತು. ಅದು ನನ್ನದೇ ಅವಸರ, ಬಿಸಿ ಆರುವ ಮುಂಚೆ ಮುಚ್ಚಿದ್ದೆ. ಆದರೆ ತಳದ ಅನ್ನಕ್ಕೆ ನೀರು ತಾಗಿರಲಿಲ್ಲ, ಅದೂ ಕೆಟ್ಟಿತ್ತು. ಒಂದು ಅಗುಳನ್ನು ಉಗುರಲ್ಲಿ ಸೀಳಿದೆ. ಹೊರಗೆ ಹಳದಿ, ನಡುವೆ ಅಚ್ಚ ಬಿಳಿ. ಹೊರಪದರ ಕೆರೆದು ನಡುವಿನದನ್ನು ಮಾತ್ರ ನಾಲಿಗೆಗೆ ಇಟ್ಟರೆ ಹುಳಿಯೇ ಇಲ್ಲ!

ನಾವೆಲ್ಲ ಮಾಡೋದು ಹೀಗೆ: ಅನ್ನ ಹರಡಿ, ಒಗ್ಗರಣೆ ಸುರಿದು, ಕಲಸಿ, ಕೊನೆಗೆ ನಿಂಬೆ ಹಿಂಡುವುದು. ಅಷ್ಟು ಹೊತ್ತಿಗೆ ಅಗುಳಿನ ಸುತ್ತ ಎಣ್ಣೆ ಮೆತ್ತಿಕೊಂಡಿರುತ್ತೆ. ರಸ ಹೊರಗೇ ಜಾರುತ್ತೆ. ನಾಲಿಗೆಗೆ ಹುಳಿ, ಅನ್ನಕ್ಕಿಲ್ಲ. ಅನ್ನ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಜೀವಿಯ ಬೀಜಕಗಳು ಕುದಿಸಿದರೂ ಸಾಯಲ್ಲ. ಅನ್ನ ಉಗುರು ಬೆಚ್ಚಗೆ ಆದಾಗ ಎದ್ದು ಬೆಳೆಯುತ್ತವೆ. ಹುಳಿ ಸಾಕಷ್ಟಿದ್ದರೆ ಅವಕ್ಕೆ ಬೆಳೆಯೋಕೆ ಆಗಲ್ಲ.

ಪುಳಿಯೋಗರೆ ಯಾಕೆ ಉಳಿಯಿತು? ಹುಣಸೆಯನ್ನು ಗಂಟೆಗಟ್ಟಲೆ ಕುದಿಸಿ ಗೊಜ್ಜು ಮಾಡಿರುತ್ತೇವೆ. ನೀರು ಹೋಗಿ ಹುಳಿ ಗಟ್ಟಿಯಾಗಿರುತ್ತೆ. ಜೊತೆಗೆ ಉಪ್ಪು, ಬೆಲ್ಲ ಬೇರೆ. ಅದರಲ್ಲಿ ಎಣ್ಣೆ ಇದ್ದರೂ ಹುಳಿ ಎಷ್ಟು ಜಾಸ್ತಿ ಅಂದರೆ, ನಿಧಾನವಾಗಿ ಅಗುಳಿನೊಳಗೆ ಇಳಿದೇ ಇಳಿಯುತ್ತೆ. ಪುಳಿಯೋಗರೆ ಮಾರನೇ ದಿನ ಇನ್ನೂ ರುಚಿ ಅಂತೀವಲ್ಲ, ಅದೇ ಕಾರಣ. ನಿಂಬೆರಸವೂ ಒಳ್ಳೇ ಹುಳಿಯೇ, ಆದರೆ ನಾವು ಹಾಕೋದು ತೀರಾ ಕಡಿಮೆ. ಕಿಲೋ ಅಕ್ಕಿಗೆ ನಾನು 4 ಹಣ್ಣು ಹಾಕುತ್ತಿದ್ದೆ.

ಪ್ರಯೋಗಶಾಲೆ ಸಾಮಾನಿನ ಅಂಗಡಿಯಿಂದ ಹುಳಿ ಅಳೆಯುವ ಪಿಎಚ್ ಪಟ್ಟಿ ತಂದೆ. ಅದರ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನೂರೋ ನೂರೈವತ್ತೋ ಆಯಿತು. ಒಂದು ಎಚ್ಚರಿಕೆ: ಅರಿಶಿನ ಬಿದ್ದ ಮೇಲೆ ಪಟ್ಟಿ ನಂಬಬೇಡಿ, ಹಳದಿ ಬಣ್ಣ ಪಟ್ಟಿಗೂ ಹತ್ತುತ್ತೆ. ಹುಣಸೆಯ ಕಂದೂ ಹಾಗೇ. ಒಗ್ಗರಣೆಗೆ ಮುಂಚೆ ಅಗುಳನ್ನು ಜಜ್ಜಿ, ಸ್ವಲ್ಪ ಡಿಸ್ಟಿಲ್ಡ್ ನೀರು ಸೇರಿಸಿ ನೋಡಬೇಕು. ಬರೀ ಅನ್ನ 6ರ ಮೇಲೆ ತೋರಿಸಿತು. ನನಗೆ ಬೇಕಾಗಿದ್ದು 4.5ಕ್ಕಿಂತ ಕೆಳಗೆ.

ಆಗ ಹೊಳೆದದ್ದು, ಅನ್ನ ಬೇಯುವ ನೀರಿಗೇ ನಿಂಬೆ ಹಾಕಿದರೆ ಹೇಗೆ? ಮದುವೆ ಮನೆಗಳಲ್ಲಿ 30 ವರ್ಷ ಅಡುಗೆ ಮಾಡಿದ ಭಟ್ಟರೊಬ್ಬರಿಗೆ ಹೇಳಿದೆ. "ಹುಳಿ ನೀರಲ್ಲಿ ಬೇಳೆಯೇ ಬೇಯಲ್ಲ, ಅಕ್ಕಿ ಬೇಯುತ್ತೇನಮ್ಮಾ?" ಅಂತ ನಕ್ಕರು. ಅಕ್ಕಪಕ್ಕದವರೂ ನಕ್ಕರು. ಮೊದಲ ಸಲ ಅವರೇ ಗೆದ್ದರು. 10 ಹಣ್ಣಿನ ರಸ ಪೂರ್ತಿ ನೀರಿಗೆ ಸುರಿದಿದ್ದೆ. ಅನ್ನ ಬಿರುಸಾಯಿತು, ನಿಂಬೆಯ ಘಮ ಹೋಗಿ ಕಹಿ ಉಳಿಯಿತು. ಎರಡನೇ ಸಲ ಅಲ್ಯೂಮಿನಿಯಂ ಪಾತ್ರೆ ಇಟ್ಟು ಇನ್ನೊಂದು ತಪ್ಪು ಮಾಡಿದೆ. ಬಾಯೆಲ್ಲ ಲೋಹದ ರುಚಿ.

ಕೊನೆಗೆ ನಿಂತ ಲೆಕ್ಕ ಇದು. ಕಿಲೋ ಹಳೇ ಅಕ್ಕಿಗೆ ಸ್ಟೀಲ್ ಪಾತ್ರೆ, ಮಾಮೂಲಿಗಿಂತ ಒಂದು ದೊಡ್ಡ ಲೋಟ ನೀರು ಜಾಸ್ತಿ. ಅರ್ಧ ರಸ, ಅಂದರೆ 5 ಹಣ್ಣಿನದು, ಕುದಿಯುವ ನೀರಿಗೆ. ಹುಳಿ ಕುದಿಸಿದರೆ ಹೋಗಲ್ಲ, ಘಮ ಮಾತ್ರ ಹೋಗುತ್ತೆ. ಉಪ್ಪೂ ಆಗಲೇ. ಅನ್ನ ಬೆಂದ ಮೇಲೆ ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆ ಆಡುವಾಗಲೇ ಉಳಿದ 5 ಹಣ್ಣಿನ ರಸ ಚಿಮುಕಿಸಿ, ಸೌಟಿನ ಹಿಂಬದಿಯಲ್ಲಿ ಮೆಲ್ಲಗೆ ಕಲಸಿ 10 ನಿಮಿಷ ಬಿಡುವುದು. ಎಣ್ಣೆ ಇನ್ನೂ ಬಿದ್ದಿರಬಾರದು. ಆಮೇಲೆ ಒಗ್ಗರಣೆ. ಈರುಳ್ಳಿ, ಹಸಿ ಕಾಯಿ, ಕೊತ್ತಂಬರಿ ಯಾವುದೂ ಬೇಡ. ಅರ್ಧ ಗಂಟೆ ಫ್ಯಾನ್ ಕೆಳಗೆ ಪೂರ್ತಿ ಆರಿಸಿ ಡಬ್ಬಿಗೆ. ಒಗ್ಗರಣೆಗೆ ಮುಂಚೆ ನೋಡಿದಾಗ ಪಟ್ಟಿ 4 ಮತ್ತು 4.5ರ ನಡುವೆ ನಿಂತಿತು. ಇಷ್ಟು ಹುಳಿ ಬಾಯಿಗೆ ಹೊಡೆಯದ ಹಾಗೆ ನಾನು ಒಗ್ಗರಣೆಗೆ ಇನ್ನೊಂದು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು!

ಮಧ್ಯೆ ನಿಂಬೆ ಉಪ್ಪನ್ನೂ ನೋಡಿದೆ. ಹಣ್ಣು ಒಂದಕ್ಕೆ 8 ರೂಪಾಯಿ ಆಗಿದ್ದ ದಿನಗಳು ಅವು. ಪಟ್ಟಿ ಖುಷಿಯಾಯಿತು, ಅನ್ನ ತಿಂದರೆ ಮಾತ್ರ ಸೋಡಾ ಕುಡಿದ ಹಾಗಿತ್ತು. ಮಾವಿನಕಾಯಿ ತುರಿಯೂ ಆಗಲಿಲ್ಲ. ಒಂದು ಕಾಯಿ ಹುಳಿ ಇದ್ದರೆ ಇನ್ನೊಂದು ಸಪ್ಪೆ, ತುರಿ ಬೇರೆ ನೀರು ಬಿಡುತ್ತೆ.

ಮೊಸರನ್ನದ ದಾರಿಯೇ ಬೇರೆ. ಅದರ ಹುಳಿ ಜೀವಂತ, ಡಬ್ಬಿಯಲ್ಲೇ ಏರುತ್ತಾ ಹೋಗುತ್ತೆ. ಅದಕ್ಕೇ ನಾವು ಹಾಲು ಬೆರೆಸಿ ಸ್ವಲ್ಪ ಹೆಪ್ಪು ಹಾಕಿ ಕಳಿಸೋದು. ಆದರೆ ಹುಳಿ ಆಗಬಾರದು ಅಂತ ಒಮ್ಮೆ ಕಿಲೋ ಅಕ್ಕಿ, 2 ಲೀಟರ್ ಹಾಲಿಗೆ ಒಂದೇ ಚಮಚ ಮೊಸರು ಹಾಕಿ ಪರೀಕ್ಷೆಗೆ ಇಟ್ಟೆ. ಐದಾರು ಗಂಟೆ ಆದರೂ ಹುಳಿ ಬಂದಿರಲಿಲ್ಲ, ವಾಸನೆ ಬಂದಿತ್ತು. ಹೆಪ್ಪು ಹಿಂದೆ ಬಿತ್ತು, ಕೆಡಿಸುವವು ಮುಂದೆ ಓಡಿದವು. ಈಗ ಅಷ್ಟೇ ಅಳತೆಗೆ ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು. ಅದೂ ಹಾಲು, ಅನ್ನ ಎರಡೂ ಉಗುರು ಬೆಚ್ಚಗಾದ ಮೇಲೆ. ಬಿಸಿಗೆ ಹಾಕಿದರೆ ಹೆಪ್ಪು ಸಾಯುತ್ತೆ. ಸೌತೆಕಾಯಿ ಹಾಕಲ್ಲ. ಇಷ್ಟಾದರೂ ಬೇಸಿಗೆಯಲ್ಲಿ 6 ಗಂಟೆಗಿಂತ ಹೆಚ್ಚು ನಾನು ಒಪ್ಪಿಕೊಳ್ಳಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಅದೇ ದಾರಿ, ಅದೇ ಗುಂಪು. ಕೇಳಿ ಕೇಳಿ ಒಪ್ಪಿಸಿದೆ. ನಸುಕಿನ 4ಕ್ಕೆ ಕಟ್ಟಿದ ಚಿತ್ರಾನ್ನವನ್ನು ಮಧ್ಯಾಹ್ನ 2ಕ್ಕೆ ತಿಂದರು. ಉಳಿದದ್ದನ್ನು ಸಂಜೆ 6ಕ್ಕೆ ಮಂತ್ರಾಲಯದಲ್ಲಿ ಚಹಾ ಜೊತೆ ಖಾಲಿ ಮಾಡಿದರಂತೆ. ಪುಳಿಯೋಗರೆ ಮಾರನೇ ಬೆಳಿಗ್ಗೆಯವರೆಗೂ ಇತ್ತು. ನಾನೇ ಹೇಳಿದ್ದು ಮಾತ್ರ ಚಿತ್ರಾನ್ನಕ್ಕೆ 12 ಗಂಟೆ, ಪುಳಿಯೋಗರೆಗೆ 24. ಅದನ್ನು ಡಬ್ಬಿ ಮೇಲೆ ಬರೆದೇ ಕಳಿಸುತ್ತೇನೆ. ಯಾಕೆಂದರೆ ಈ ಸೂಕ್ಷ್ಮಜೀವಿ ಕೆಲವು ಸಲ ವಾಸನೆಯನ್ನೇ ಕೊಡಲ್ಲ, ಒಮ್ಮೆ ವಿಷ ಬಿಟ್ಟರೆ ಮತ್ತೆ ಬಿಸಿ ಮಾಡಿದರೂ ಅದು ಹೋಗಲ್ಲ.

ಭಟ್ಟರು ಹೋದ ವಾರ ಫೋನ್ ಮಾಡಿದ್ದರು. ಕಿಲೋಗೆ ಎಷ್ಟು ಹಣ್ಣು ಅಂತ ಕೇಳಿದರು. 10 ಅಂದೆ. "ನೀರಿಗೆ ಎಷ್ಟು?" ಅಂದರು. ಅಲ್ಲಿಗೆ ಅರ್ಧ ಗಂಟೆ ಮಾತಾಡಿದೆವು.