ಮಿಕ್ಕ ಬಿಸಿಬೇಳೆ ಬಾತ್ ಮತ್ತು ಒಂದೇ ಸಲದ ಬಿಸಿ

ವಿಜಯನಗರದ ನಮ್ಮ ಮನೆಯಲ್ಲಿ ಭಾನುವಾರ ಬಿಸಿಬೇಳೆ ಬಾತ್ ಮಾಡಿದರೆ ಅದು ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಮಿಕ್ಕದ್ದನ್ನು ಪಾತ್ರೆಯ ಸಮೇತ ಒಲೆಗಿಟ್ಟು ಬೇಕಾದಷ್ಟು ಬಡಿಸಿಕೊಂಡು, ಉಳಿದುದನ್ನು ಮತ್ತೆ ಮುಚ್ಚಿಡುವುದು ನಾನು ಈ ಮನೆಗೆ ಬಂದಾಗಿನಿಂದ ನಡೆದುಕೊಂಡು ಬಂದಿದ್ದ ಪದ್ಧತಿ. ಒಂದು ಏಪ್ರಿಲ್ ತಿಂಗಳ ಭಾನುವಾರ ಮಧ್ಯಾಹ್ನ ಮಾಡಿದ ಬಾತನ್ನು ರಾತ್ರಿ ಒಮ್ಮೆ ಬಿಸಿ ಮಾಡಿ, ಬೆಳಗಿನವರೆಗೂ ಕಟ್ಟೆಯ ಮೇಲೆಯೇ ಬಿಟ್ಟು, ಸೋಮವಾರ ಮತ್ತೆ ಕುದಿಯುವಷ್ಟು ಕಾಯಿಸಿ ತಿಂದೆವು. “ಹಳಸಿಲ್ಲಮ್ಮ, ಬೇಕಾದರೆ ವಾಸನೆ ನೋಡು” ಎಂದು ಅತ್ತೆ ಹೇಳಿದ್ದರು. ನೋಡಿದೆ, ಘಮಘಮ ಎನ್ನುತ್ತಿತ್ತು. ಮೂರು ಗಂಟೆಯೊಳಗೆ ನನಗೂ ಮಗನಿಗೂ ವಾಂತಿ ಶುರುವಾಯಿತು. ಉಳಿದ ಅಡುಗೆಯನ್ನು ಯಾರೂ ಪರೀಕ್ಷೆಗೆ ಕಳುಹಿಸಲಿಲ್ಲವಾದರೂ, ನಾವು ಕಂಡ ವೈದ್ಯರು ಮೊದಲು ಕೇಳಿದ್ದು ಅನ್ನ ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನೇ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಬೇಯುವಾಗ ಅವು ಸಾಯುವುದಿಲ್ಲ. ಆ ಕಾವು ಅವುಗಳನ್ನು ಎಬ್ಬಿಸಿ ಮೊಳೆಯಲು ಸಿದ್ಧಗೊಳಿಸುತ್ತದೆ. ಅನ್ನ ಅಡುಗೆಮನೆಯ ಬೆಚ್ಚಗಿನ ಗಾಳಿಯಲ್ಲಿ ಗಂಟೆಗಟ್ಟಲೆ ಕುಳಿತರೆ ಅವು ಬೆಳೆದು ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷಕ್ಕೆ ವಾಸನೆಯಿಲ್ಲ, ಮತ್ತು ಒಲೆಯ ಮೇಲೆ ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ. ಸೋಮವಾರ ನಾನು ಚೆನ್ನಾಗಿ ಕಾಯಿಸಿದ್ದು ಹಾಗಾಗಿ ಪ್ರಯೋಜನಕ್ಕೆ ಬರಲಿಲ್ಲ. ಬಾತ್, ಚಿತ್ರಾನ್ನ, ಪುಳಿಯೋಗರೆ, ಪೊಂಗಲ್, ಹೀಗೆ ಅನ್ನದಿಂದಾದ ಯಾವುದನ್ನೂ ನಾನು ಎರಡನೆಯ ಸಲ ಬಿಸಿ ಮಾಡದಿರುವುದು ಇದಕ್ಕಾಗಿಯೇ: ಪ್ರತಿ ಸಲ ಬಿಸಿಯಾಗಿ ಆರುವಾಗಲೂ ಬೀಜಕಣಗಳಿಗೆ ಮೊಳೆಯಲು ಇನ್ನೊಂದು ಅವಕಾಶ ಸಿಗುತ್ತದೆ.

ಕೋಳಿ ಸಾರಿನ ವಿಷಯ ಸ್ವಲ್ಪ ಬೇರೆ. ದೊಡ್ಡ ಪಾತ್ರೆಯ ಗಟ್ಟಿ ಸಾರು ಆರುವಾಗ ಗಾಳಿಯಾಡದ ತಳದಲ್ಲಿ ಬೆಳೆಯುವುದು ಕ್ಲಾಸ್ಟ್ರೀಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಅದು ಹೊಟ್ಟೆಯೊಳಗೆ ಜೀವಂತ ಸೇರಿದ ಮೇಲೆ ವಿಷ ಬಿಡುವುದರಿಂದ, ಸಾರನ್ನು ಒಳಗಿನವರೆಗೂ ಕಾಯಿಸಿದರೆ ಬಹುಮಟ್ಟಿಗೆ ರಕ್ಷಣೆ ಸಿಗುತ್ತದೆ. ಆದರೂ ಅದರ ಬೀಜಕಣಗಳು ಉಳಿದೇ ಇರುತ್ತವೆಯಾದ್ದರಿಂದ ಮಾಂಸದ ಸಾರಿಗೂ ಒಂದೇ ಸಲ ಎಂಬ ನಿಯಮವನ್ನೇ ಇಟ್ಟುಕೊಂಡಿದ್ದೇನೆ. ತಿಳಿಸಾರಿನ ಬಗ್ಗೆ ನಾನು ಇಷ್ಟು ಕಟ್ಟುನಿಟ್ಟಲ್ಲ. ಅದು ತೆಳುವಾಗಿದ್ದು ಸಮನಾಗಿ ಕುದಿಯುತ್ತದೆ, ಹುಣಸೆ ಹುಳಿಯೂ ಇರುತ್ತದೆ. ಕಾಯಿ ಅರೆದು ಹಾಕಿದ ಹುಳಿಗೆ ಈ ರಿಯಾಯಿತಿ ಇಲ್ಲ.

ಹಬೆ ಕಂಡರೆ ಸಾಕು ಎಂದು ನಾನೂ ನಂಬಿದ್ದೆ. ಅಡುಗೆಗೆ ಚುಚ್ಚುವ ಥರ್ಮಾಮೀಟರ್ ತಂದ ಮೊದಲ ದಿನ, ಅಂಚಿನಲ್ಲಿ ಗುಳುಗುಳು ಎನ್ನುತ್ತ ಹಬೆಯಾಡುತ್ತಿದ್ದ ಬಾತಿನ ನಡುವೆ ಅದನ್ನು ಇಳಿಸಿದಾಗ 48 ಡಿಗ್ರಿ ತೋರಿಸಿತು. ಅದು ಬ್ಯಾಕ್ಟೀರಿಯಾ ಸಾಯುವ ಕಾವಲ್ಲ. ಆಹಾರ ವ್ಯಾಪಾರಿಗಳಿಗಾಗಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ವಿಧಿಸಿರುವ ಮಟ್ಟ, ನಡುಭಾಗ 75 ಡಿಗ್ರಿ ಮುಟ್ಟಿ ಎರಡು ನಿಮಿಷ ಅಲ್ಲೇ ನಿಲ್ಲಬೇಕು ಎಂಬುದು. ಮನೆಗೂ ಅದನ್ನೇ ಹಿಡಿದಿದ್ದೇನೆ. ಬಾತ್ ಗಟ್ಟಿಯಾಗಿರುವುದರಿಂದ ಎರಡು ಬಟ್ಟಲಿಗೆ ಅರ್ಧ ಲೋಟ ಕುದಿಯುವ ನೀರು ಹಾಕಿ, ಮುದ್ದೆಗಳನ್ನು ಸೌಟಿನಿಂದ ಒಡೆದು, ಮುಚ್ಚಿ ಸಣ್ಣ ಉರಿಯಲ್ಲಿಡುತ್ತೇನೆ. ನಡುನಡುವೆ ತಳದಿಂದ ಮೇಲಕ್ಕೆ ತಿರುವುತ್ತೇನೆ. ಥರ್ಮಾಮೀಟರ್ ಕೈಯಲ್ಲಿಲ್ಲದ ದಿನ, ನಡುವೆ ಸೌಟಿನಿಂದ ಕುಳಿ ತೋಡಿ ನೋಡಿದಾಗ ಆ ಕುಳಿಯಿಂದಲೂ ದಟ್ಟ ಹಬೆ ಏಳಬೇಕು ಎಂಬುದು ನನ್ನ ಗುರುತು. ಮೈಕ್ರೋವೇವ್‌ನಲ್ಲಾದರೆ ಅರ್ಧಕ್ಕೆ ನಿಲ್ಲಿಸಿ ಕಲಸಿ ಮತ್ತೆ ಕಾಯಿಸುತ್ತೇನೆ, ಇಲ್ಲದಿದ್ದರೆ ಒಂದು ತುತ್ತು ಬಾಯಿ ಸುಡುತ್ತದೆ, ಮುಂದಿನದು ತಣ್ಣಗಿರುತ್ತದೆ.

ಇಷ್ಟು ಮಾಡಿದರೂ ಮುಖ್ಯ ಕೆಲಸ ಭಾನುವಾರ ಮಧ್ಯಾಹ್ನವೇ ಮುಗಿಯಬೇಕು. ಬಡಿಸಿದ ಮೇಲೆ ಕುಕ್ಕರಿನಲ್ಲೇ ಬಿಡದೆ, ಮಿಕ್ಕದ್ದನ್ನು ಎರಡು ಬೆರಳಿನಷ್ಟು ಎತ್ತರಕ್ಕೆ ಅಗಲವಾದ ಸ್ಟೀಲ್ ಡಬ್ಬಿಗಳಲ್ಲಿ, ಒಂದು ಡಬ್ಬಿ ಒಂದು ಹೊತ್ತಿಗೆ ಎಂದು ಲೆಕ್ಕ ಹಾಕಿ ಹರಡುತ್ತೇನೆ. ಆರಲೆಂದು ತಣ್ಣೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಒಲೆ ಆರಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಹೊತ್ತಿಗೆ ಒಂದು ಡಬ್ಬಿ ಮಾತ್ರ ಹೊರಗೆ ಬರುತ್ತದೆ, ಬಿಸಿ ಮಾಡಿದ್ದು ಫ್ರಿಜ್ಜಿಗೆ ಹಿಂದಿರುಗುವುದಿಲ್ಲ. ತಟ್ಟೆಗೆ ಬೀಳದೆ ಉಳಿದ ಎರಡು ಸೌಟು ಹಸಿಕಸದ ಬುಟ್ಟಿಗೆ ಹೋಗುವುದನ್ನು ಕಂಡು ಅತ್ತೆ ಗೊಣಗುತ್ತಾರೆ. ಅವರ ಗೊಣಗಾಟ ತಪ್ಪಿಸಲೆಂದೇ ಈಗ ಭಾನುವಾರದ ಅಕ್ಕಿಯ ಅಳತೆಯನ್ನು ಅರ್ಧ ಪಾವು ಇಳಿಸಿದ್ದೇನೆ.