ಗಟ್ಟಿಯಾದ ಕ್ರಿಯೇಟಿನ್ ಕೆಟ್ಟದ್ದಲ್ಲ: ಮಂಗಳೂರಿನ ಮೂರು ಮಳೆಗಾಲಗಳ ಅನುಭವ

ವ್ಯಾಯಾಮ ಮಾಡುವವರು ಶಕ್ತಿಗೆಂದು ತೆಗೆದುಕೊಳ್ಳುವ ಕ್ರಿಯೇಟಿನ್ ಪುಡಿಯನ್ನು ಮೇ ಕೊನೆಯಲ್ಲಿ ತುಂಬಿಸಿಟ್ಟ ಹದಿನಾರು ಬಾಟಲಿಗಳಲ್ಲಿ ಕೊನೆಯದನ್ನು ಅಕ್ಟೋಬರ್ ಮೊದಲ ವಾರ ತೆರೆದೆ. ಪುಡಿ ಸಣ್ಣ ರವೆಯಂತೆ ಸುರಿಯಿತು. ಒಂದು ಗಂಟೂ ಇರಲಿಲ್ಲ. ಜೂನ್‌ನಲ್ಲಿ ‘ಈ ಊರಿನ ಮಳೆಯಲ್ಲಿ ಇದೆಲ್ಲ ನಡೆಯುವುದಿಲ್ಲ ಸರ್, ತಿಂಗಳಿಗೊಂದು ಸಣ್ಣ ಡಬ್ಬಿ ತರಿಸುವುದೇ ವಾಸಿ’ ಎಂದಿದ್ದ ಹುಡುಗನ ಕೈಯಿಂದಲೇ ಅದನ್ನು ತೆರೆಸಿದೆ. ಮೂರು ಮಳೆಗಾಲ ಹಣ ಕಳೆದು ಕಲಿತದ್ದು ಇದು, ಆದ್ದರಿಂದ ಬರೆದಿಡುತ್ತಿದ್ದೇನೆ.

ಮಂಗಳೂರಿನ ಹೊರವಲಯದಲ್ಲಿ ನನ್ನದೊಂದು ಸಣ್ಣ ಜಿಮ್ ಇದೆ. ನಾನು ಮತ್ತು ಐವರು ಸದಸ್ಯರು ಹಣ ಹಾಕಿ ಸಗಟಾಗಿ ಸಾದಾ ಕ್ರಿಯೇಟಿನ್ ಮೊನೊಹೈಡ್ರೇಟ್ ತರಿಸುತ್ತೇವೆ. ತಲೆಗೆ ದಿನಕ್ಕೆ 5 ಗ್ರಾಂ, ಅಂದರೆ ಒಟ್ಟು 30 ಗ್ರಾಂ. ಸಗಟು ದರ ಆಗ ಕಿಲೋಗೆ ಸುಮಾರು 1,400 ರೂಪಾಯಿ ಇತ್ತು. ಸಣ್ಣ ಡಬ್ಬಿಗಳಲ್ಲಿ ಕೊಂಡರೆ ಅದೇ ಕಿಲೋಗೆ ಎರಡು ಸಾವಿರ ದಾಟುತ್ತಿತ್ತು.

ಮೊದಲ ವರ್ಷ ಎರಡು ಕಿಲೋವನ್ನು ಒಂದೇ ದೊಡ್ಡ ಪ್ಲಾಸ್ಟಿಕ್ ಜಾಡಿಗೆ ಸುರಿದು ಜಿಮ್‌ನ ಮೂಲೆಯಲ್ಲಿಟ್ಟೆ. ದಿನಕ್ಕೆ ಆರು ಸಲ ಮುಚ್ಚಳ ತೆರೆಯುತ್ತಿತ್ತು. ಒಬ್ಬರು ಬೆವರಿನ ಕೈಯಲ್ಲಿ ಸ್ಕೂಪ್ ಹಿಡಿಯುತ್ತಿದ್ದರು, ಇನ್ನೊಬ್ಬರು ಬಿಸಿನೀರಿನ ಲೋಟದ ಮೇಲೆಯೇ ಸ್ಕೂಪ್ ಬಗ್ಗಿಸಿ, ಹಬೆ ತಾಗಿದ ಅದನ್ನೇ ಮರಳಿ ಜಾಡಿಗೆ ಹಾಕುತ್ತಿದ್ದರು. ಜೂನ್ ಮುಗಿಯುವ ಹೊತ್ತಿಗೆ ಮೇಲ್ಪದರ ಗಂಟು ಕಟ್ಟಿ, ಆಮೇಲೆ ಜಾಡಿಯೆಲ್ಲ ಒಂದೇ ಕಲ್ಲಾಯಿತು. ಕೆಟ್ಟಿದೆ ಎಂದುಕೊಂಡು ಉಳಿದಿದ್ದ ಸುಮಾರು 1,200 ಗ್ರಾಂ ಪುಡಿಯನ್ನು ಎಸೆದೆ. ಹತ್ತಿರ ಹತ್ತಿರ 1,700 ರೂಪಾಯಿ ಮಣ್ಣುಪಾಲಾಯಿತು. ಅದನ್ನು ಎಸೆಯಬೇಕಾಗಿರಲಿಲ್ಲ ಎಂಬುದು ಗೊತ್ತಾದದ್ದು ಮರುವರ್ಷ, ಅದಕ್ಕೇ ಆ ನಷ್ಟ ಇಂದಿಗೂ ಚುಚ್ಚುತ್ತದೆ.

ಎರಡನೆಯ ವರ್ಷ ಇನ್ನೂ ದೊಡ್ಡ ತಪ್ಪು ಮಾಡಿದೆ. ಅರ್ಧ ಕಿಲೋ ಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಜಿಮ್‌ಗೆ ತಂದು ತೆರೆದು, ಮತ್ತೆ ಫ್ರಿಜ್‌ಗೆ ಸೇರಿಸುತ್ತಿದ್ದೆ. ತಣ್ಣಗಿನ ಡಬ್ಬಿಯನ್ನು ಜುಲೈ ಗಾಳಿಯಲ್ಲಿ ತೆರೆದರೆ ಒಳಗೋಡೆಯ ಮೇಲೆ, ಪುಡಿಯ ಮೇಲೆ ನೀರು ಇಬ್ಬನಿಯಂತೆ ಕೂರುತ್ತದೆ. ಜಾಡಿ ಗಾಳಿಯ ತೇವವನ್ನು ಮೆಲ್ಲಗೆ ಎಳೆದುಕೊಂಡಿತ್ತು, ಈ ಡಬ್ಬಿಗೆ ನಾನೇ ದಿನವೂ ನೀರು ಹಾಕಿದಂತಾಯಿತು. ಮೂರು ವಾರಗಳಲ್ಲಿ ತಳದಲ್ಲಿ ಹಳದಿ ಛಾಯೆಯ ಹಿಟ್ಟಿನ ಮುದ್ದೆ, ಮೇಲೆ ಮುಗ್ಗಲು ವಾಸನೆ. ಅದೇ ವರ್ಷ ಹೊರಗಿಟ್ಟಿದ್ದ ಇನ್ನೊಂದು ಕಿಲೋ ಚೀಲ ಗಟ್ಟಿಯಾಗಿತ್ತು, ಆದರೆ ಬಿಳಿಯಾಗಿ, ಒಣಗಿ, ವಾಸನೆಯಿಲ್ಲದೆ ಇತ್ತು. ಈ ಸಲ ಯಾವುದನ್ನೂ ತಕ್ಷಣ ಎಸೆಯಲಿಲ್ಲ.

ನನ್ನ ಗೆಳೆಯನೊಬ್ಬ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾನೆ. ಕ್ರಿಯೇಟಿನ್ ಹಾಳಾಗುವುದೆಂದರೆ ಮುಖ್ಯವಾಗಿ ಅದು ಸ್ನಾಯುವಿಗೆ ಉಪಯೋಗಕ್ಕೆ ಬಾರದ ಕ್ರಿಯೇಟಿನೈನ್ ಆಗುವುದು, ಮತ್ತು ರಕ್ತದ ಕ್ರಿಯೇಟಿನೈನ್ ಅಳೆಯುವುದು ಅವನ ದಿನನಿತ್ಯದ ಕೆಲಸ. ಹಾಗಾದರೆ ಪುಡಿಯನ್ನೇ ನೀರಿನಲ್ಲಿ ಕರಗಿಸಿ ಅದೇ ಯಂತ್ರಕ್ಕೆ ಕೊಟ್ಟರೆ? ಲೆಕ್ಕ ಸರಳ. 1 ಗ್ರಾಂ ಪುಡಿ, 100 ಮಿಲಿ ಡಿಸ್ಟಿಲ್ಡ್ ನೀರು. ಪುಡಿಯ ತೂಕದಲ್ಲಿ ಶೇ 1ರಷ್ಟು ಕ್ರಿಯೇಟಿನೈನ್ ಇದ್ದರೆ ಯಂತ್ರ ಡೆಸಿಲೀಟರಿಗೆ 10 ಮಿಲಿಗ್ರಾಂ ಎಂದು ತೋರಿಸಬೇಕು. ತಣ್ಣೀರಿನಲ್ಲಿ ಲೀಟರಿಗೆ ಹದಿಮೂರು ಗ್ರಾಂ ಮಾತ್ರ ಕರಗುವುದರಿಂದ ಇದಕ್ಕಿಂತ ಹೆಚ್ಚು ಪುಡಿ ಹಾಕಬಾರದು. ಕಲಕಿ ಕರಗಿದ ಕೂಡಲೇ ಅಳೆಯಬೇಕು.

ಹೊಸ ಪುಡಿಯ ಅಂಕಿ 1 ಮಿಲಿಗ್ರಾಂನೊಳಗೇ ಬಂತು. ಕಲ್ಲಾದ ಚೀಲದ ಗಂಟನ್ನು ಕುಟ್ಟಿ ಕರಗಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಮೂರು ಸಲ ಅಳೆಸಿದೆ, ಪ್ರತಿ ಸಲವೂ ಹೊಸದಕ್ಕೂ ಹಳೆಯದಕ್ಕೂ ಇದ್ದ ಅಂತರ ಯಂತ್ರದ ಏರುಪೇರಿನೊಳಗೇ ಇತ್ತು. ಫ್ರಿಜ್‌ನ ಮುದ್ದೆ ಸ್ವಲ್ಪ ಏರಿತ್ತು, ಆದರೆ ಅದೂ ಶೇ 1 ಮುಟ್ಟಲಿಲ್ಲ. ಮೊದಲು ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು: ಬದಲಾಗುವುದು ನೀರಿನಲ್ಲಿ ಕರಗಿದ ಭಾಗ ಮಾತ್ರ, ಮುದ್ದೆಯಲ್ಲಿ ಕರಗಿದ್ದು ಅತ್ಯಲ್ಪ, ಉಳಿದದ್ದೆಲ್ಲ ಹರಳಾಗಿಯೇ ಇತ್ತು. ಆದರೂ ಆ ಮುದ್ದೆಯನ್ನು ಎಸೆದೆ. ಕ್ರಿಯೇಟಿನೈನ್‌ನ ಭಯದಿಂದಲ್ಲ, ಬಣ್ಣ ಮತ್ತು ವಾಸನೆಯಿಂದ. ಒದ್ದೆಯಲ್ಲಿ ಏನು ಬೆಳೆದಿದೆ ಎಂಬುದನ್ನು ಈ ಯಂತ್ರ ಹೇಳುವುದಿಲ್ಲ. ರಕ್ತಕ್ಕೆಂದು ಮಾಡಿದ ಪರೀಕ್ಷೆ ಇದು, ಹೋಲಿಕೆಗೆ ಸಾಕು, ಶುದ್ಧತೆಯ ಪ್ರಮಾಣಪತ್ರವಾಗುವುದಿಲ್ಲ ಎಂದು ಗೆಳೆಯ ಒತ್ತಿ ಹೇಳಿದ. ಅದನ್ನು ನಾನೂ ಒಪ್ಪುತ್ತೇನೆ.

ಕುತೂಹಲ ತಡೆಯದೆ ಇನ್ನೊಂದು ಲೋಟ ಮಾಡಿದೆ. ಅದೇ 1 ಗ್ರಾಂ, ಅದೇ 100 ಮಿಲಿ ನೀರು, ಜೊತೆಗೆ ಕಾಲು ನಿಂಬೆಹಣ್ಣಿನ ರಸ. ಮೇಜಿನ ಮೇಲೆ ಮೂರು ದಿನ ಬಿಟ್ಟೆವು. ಯಂತ್ರದ ಮಿತಿಯೇ ದಾಟಿತು. ಇಪ್ಪತ್ತು ಪಟ್ಟು ತೆಳುವಾಗಿಸಿ ಅಳೆದಾಗ ಶೇ 20ರ ಆಸುಪಾಸು ಬಂತು. ಪ್ರಕಟವಾಗಿರುವ ಅಳತೆಗಳೂ ಇದೇ ದಿಕ್ಕಿನವು: 25 ಡಿಗ್ರಿಯಲ್ಲಿ ಮೂರು ದಿನಕ್ಕೆ ಹುಳಿ ಕಡಿಮೆಯಿರುವ ಪಿಎಚ್ 5.5ರಲ್ಲಿ ಶೇ 4, ಹುಳಿ ಹೆಚ್ಚಿರುವ ಪಿಎಚ್ 3.5ರಲ್ಲಿ ಶೇ 21. ಬೆಳಿಗ್ಗೆ ನಿಂಬೆ ಶರಬತ್ತಿಗೆ ಹಾಕಿ ಆಗಲೇ ಕುಡಿದರೆ ತೊಂದರೆಯಿಲ್ಲ. ಕಲಸಿ ಬಾಟಲಿಯಲ್ಲಿ ನಾಳೆಗೆ, ನಾಡಿದ್ದಿಗೆ ಇಟ್ಟುಕೊಳ್ಳುವ ಅಭ್ಯಾಸವನ್ನು ಅಂದಿನಿಂದ ಜಿಮ್‌ನಲ್ಲಿ ನಿಲ್ಲಿಸಿದೆ.

ಆ ಗಟ್ಟಿಯಾದ ಕಿಲೋವನ್ನು ನಾವು ಪೂರ್ತಿ ಬಳಸಿದೆವು. ಚೀಲವನ್ನು ತೂಗಿದಾಗ ಸುಮಾರು 15 ಗ್ರಾಂ ಹೆಚ್ಚಿತ್ತು, ಅಷ್ಟು ನೀರು ಸೇರಿತ್ತು. 5 ಗ್ರಾಂನಲ್ಲಿ ಅದು ಲೆಕ್ಕಕ್ಕೇ ಬಾರದು. ಮೋಸ ಮಾಡುವುದು ಸ್ಕೂಪ್. ಗಂಟುಗಳ ನಡುವೆ ಗಾಳಿ ಇರುವುದರಿಂದ, 5 ಗ್ರಾಂ ಎಂದು ಬರೆದ ಸ್ಕೂಪ್‌ನಲ್ಲಿ ಒಮ್ಮೆ ಮೂರೂವರೆ, ಒತ್ತಿ ತುಂಬಿದರೆ ಆರರ ಮೇಲೆ ಬಂತು. ‘ಗಟ್ಟಿಯಾದ ಮೇಲೆ ಅದರ ಶಕ್ತಿ ಹೋಗುತ್ತದೆ’ ಎನ್ನುವವರಲ್ಲಿ ಅನೇಕರು ಕಡಿಮೆ ಪ್ರಮಾಣ ತೆಗೆದುಕೊಂಡಿರಬಹುದು ಎಂಬುದು ನನ್ನ ಅನುಮಾನ. ಗಂಟನ್ನು ಒಣ ಕುಟ್ಟಾಣಿಯಲ್ಲಿ ಕುಟ್ಟಿ, ಹಿಟ್ಟಿನ ಜರಡಿ ಹಿಡಿದು, ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಕೊಟ್ಟೆ. ಮಸಾಲೆ ರುಬ್ಬುವ ಮಿಕ್ಸಿ ಜಾರಿಗೆ ಹಾಕಬೇಡಿ, ಅದರ ಬ್ಲೇಡಿನ ಬುಡದಲ್ಲಿ ಯಾವಾಗಲೂ ತೇವ ಇರುತ್ತದೆ.

ಒಣಗಿಸುವ ಆಸೆಯಿಂದ 100 ಗ್ರಾಂ ಅನ್ನು ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ತೂಕ 89ಕ್ಕೆ ಇಳಿಯಿತು. ಮೊನೊಹೈಡ್ರೇಟ್ ಹರಳಿನ ತೂಕದಲ್ಲಿ ಸುಮಾರು ಶೇ 12 ಅದರದ್ದೇ ನೀರು, ನಾನು ಓಡಿಸಿದ್ದು ಗಾಳಿಯ ತೇವವನ್ನಲ್ಲ, ಆ ನೀರನ್ನು. ಮುಚ್ಚದೆ ಬಿಟ್ಟ ತಟ್ಟೆ ಕೆಲವು ದಿನಗಳಲ್ಲಿ ತೂಕವನ್ನು ಮರಳಿ ಏರಿಸಿಕೊಳ್ಳತೊಡಗಿತು. ಈ ಪುಡಿಗೆ ಓವನ್ ಬೇಡ.

ಮೂರನೆಯ ವರ್ಷ ನಾಲ್ಕು ಕಿಲೋ ತರಿಸಿದೆ, ಎಲ್ಲರೂ ಬೇಡವೆಂದರೂ. ಗುಜರಿಯಿಂದ ಅರ್ಧ ಲೀಟರಿನ ಗಾಜಿನ ಬಾಟಲಿಗಳನ್ನು ಒಂದಕ್ಕೆ 15 ರೂಪಾಯಿಯಂತೆ ತಂದು, ತೊಳೆದು, ಬಿಸಿಲಿಗಿಟ್ಟು, ತುಂಬುವ ಮುನ್ನ ಓವನ್‌ನಲ್ಲಿ ಹತ್ತು ನಿಮಿಷ ಬಿಸಿ ಮಾಡಿ ಪೂರ್ತಿ ಆರಿಸಿದೆ. ಪ್ರತಿಯೊಂದರಲ್ಲೂ 250 ಗ್ರಾಂ, ಅಂದರೆ ನಮಗೆ ಎಂಟು ದಿನಕ್ಕೆ. ಗುಟ್ಟು ಇರುವುದೇ ಇಲ್ಲಿ: ತೆರೆದ ಬಾಟಲಿ ಎಂಟು ದಿನ ಮಾತ್ರ ಗಾಳಿ ಕಾಣುತ್ತದೆ, ಉಳಿದವು ಕಾಣುವುದೇ ಇಲ್ಲ. ತುಂಬಿಸಿದ್ದು ಎ.ಸಿ. ಕೋಣೆಯಲ್ಲಿ. ಹೊರಗೆ ಆರ್ದ್ರತೆ ಶೇ 80 ಇದ್ದ ದಿನ, ಎರಡು ಗಂಟೆ ಎ.ಸಿ. ಓಡಿಸಿದ ಮೇಲೆ ಮಾಪಕ 50ರ ಹತ್ತಿರ ತೋರಿಸಿತು, ಆಗ ಚೀಲ ಕತ್ತರಿಸಿದೆ. ಚೀಲವೂ ಕೋಣೆಯಲ್ಲೇ ಇದ್ದು ಅದೇ ತಾಪಕ್ಕೆ ಬಂದಿರಬೇಕು. ಮುಚ್ಚಳದ ಒಳಗೆ ನಾನು ಕೂರಿಸುವ ಪದರ ಯಾವುದು, ಎಲ್ಲಿಂದ ತರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ಬಹಳ ಓಡಾಡಿ ಕಂಡುಕೊಂಡದ್ದು.

ಪ್ರತಿ ಬಾಟಲಿಗೆ 10 ಗ್ರಾಂ ಸಿಲಿಕಾ ಜೆಲ್. ತೇವ ಹೀರಿದರೆ ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಇರುತ್ತದೆ, ತಿನ್ನುವ ವಸ್ತುವಿನ ಜೊತೆ ನಾನು ಅದನ್ನು ಇಡುವುದಿಲ್ಲ. ಬಣ್ಣವಿಲ್ಲದ ಜೆಲ್ ಅನ್ನು ದಪ್ಪ ಬಟ್ಟೆಯ ಚೀಲದಲ್ಲಿ ಹೊಲಿದು ಹಾಕುತ್ತೇನೆ, ಸಾಕಾಯಿತೋ ಇಲ್ಲವೋ ಎಂಬುದನ್ನು ತೂಕ ಹೇಳುತ್ತದೆ. ಎರಡು ಗ್ರಾಂ ಏರಿದರೆ ಜೆಲ್ ಹೊರಗೆ ಸುರಿದು, 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಸ್ಕೂಪ್ ಬಾಟಲಿಯೊಳಗೆ ಇರುವುದಿಲ್ಲ, ಬೇರೆ ಡಬ್ಬಿಯಲ್ಲಿ ಒಣ ಸ್ಟೀಲ್ ಚಮಚ ಇದೆ, ಬಿಸಿನೀರಿನ ಲೋಟ ಮೇಜಿನ ಆಚೆ ತುದಿಯಲ್ಲಿ.

ಅಮ್ಮ ಉಪ್ಪಿನ ಭರಣಿಗೆ ಅಕ್ಕಿ ಹಾಕುತ್ತಾರೆ ಎಂದು ಹುರಿದ ಅಕ್ಕಿಯನ್ನೂ ಒಂದು ಖಾಲಿ ಬಾಟಲಿಯಲ್ಲಿ ಮಾಪಕದ ಜೊತೆ ಇಟ್ಟು ನೋಡಿದೆ. 80ರಿಂದ 60ಕ್ಕೆ ಇಳಿದು, ದಿನವೂ ತೆರೆದಂತೆ ವಾರದಲ್ಲಿ ಮತ್ತೆ ಮೇಲೇರಿತು. ಜೆಲ್ ಇದ್ದ ಬಾಟಲಿ 30ರ ಹತ್ತಿರ ನಿಂತಿತ್ತು. ನೀರು ಹಾಕದ ಸುಟ್ಟ ಸುಣ್ಣ ಇನ್ನೂ ಚೆನ್ನಾಗಿ ಎಳೆಯಿತು, ಆದರೆ ಉಬ್ಬಿ ಪೊಟ್ಟಣ ಒಡೆದು ಸುಣ್ಣ ಚೆಲ್ಲಿತು. ಪುಣ್ಯಕ್ಕೆ ಅದೂ ಖಾಲಿ ಬಾಟಲಿ. ಬಾಟಲಿ, ಜೆಲ್, ಮಾಪಕ ಸೇರಿ ಒಟ್ಟು ಖರ್ಚು ಸಾವಿರ ದಾಟಲಿಲ್ಲ, ಮತ್ತು ಅವೆಲ್ಲ ಮುಂದಿನ ವರ್ಷಕ್ಕೂ ಇವೆ.

ಇದೆಲ್ಲ ಸಾದಾ ಮೊನೊಹೈಡ್ರೇಟ್‌ಗೆ ಮಾತ್ರ. ಹಣ್ಣಿನ ರುಚಿಯ ಮಿಶ್ರಣಗಳಲ್ಲಿ ಸಿಟ್ರಿಕ್ ಆಮ್ಲ ಇರುತ್ತದೆ, ಕೆಲವದರಲ್ಲಿ ಸಕ್ಕರೆಯೂ. ಅವು ತೇವ ಹೀರಿ ಅಂಟಂಟಾದರೆ ನಿಂಬೆ ಲೋಟದ ಕಥೆಯೇ ಡಬ್ಬಿಯೊಳಗೆ ನಡೆಯುತ್ತದೆ, ಅಂಥದ್ದನ್ನು ಉಳಿಸಲು ನಾನು ಪ್ರಯತ್ನಿಸುವುದಿಲ್ಲ.

ದಿನಾಂಕ ಮೀರಿದ ಪುಡಿಯ ವಿಷಯವೂ ಒಂದಿದೆ. ಕಪಾಟು ಸ್ವಚ್ಛ ಮಾಡುವಾಗ ಒಡೆಯದ 250 ಗ್ರಾಂ ಪೊಟ್ಟಣವೊಂದು ಸಿಕ್ಕಿತು, ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಬಿಳಿ, ಸಡಿಲ, ವಾಸನೆಯಿಲ್ಲ. ಗೆಳೆಯನ ಯಂತ್ರದಲ್ಲಿ ಹೊಸ ಪುಡಿಯ ಅಂಕಿಯೇ ಬಂತು. ಅವಧಿ ಮೀರಿದ್ದನ್ನು ಹಣ ಪಡೆದು ಯಾರಿಗೂ ಕೊಡುವಂತಿಲ್ಲ, ಆದ್ದರಿಂದ ಸದಸ್ಯರ ಪಾಲಿಗೆ ಅದನ್ನು ಸೇರಿಸಲಿಲ್ಲ. ದಿನಕ್ಕೆ 5 ಗ್ರಾಂನಂತೆ ಐವತ್ತು ದಿನ ನಾನೊಬ್ಬನೇ ತೆಗೆದುಕೊಂಡು ಮುಗಿಸಿದೆ.