ಆವರಣಗಳ ಎಣಿಕೆ: ಎರಡು ಮೂಲಗಳಲ್ಲಿ ನಮಗೆ ಬೇಕಾದದ್ದು ಯಾವುದು?

n ಜೋಡಿ ಆವರಣಗಳನ್ನು ಸರಿಯಾಗಿ ತೆರೆದು ಮುಚ್ಚುವ ಜೋಡಣೆಗಳು ಎಷ್ಟು? ಈ ಲೆಕ್ಕಕ್ಕೆ ಕೂತಾಗ ನಾನು ಸೂತ್ರದ ಗೋಜಿಗೆ ಹೋಗದೆ ಮೊದಲ ಆವರಣವನ್ನು ನೋಡುತ್ತೇನೆ. ಅದನ್ನು ಮುಚ್ಚುವ ಆವರಣ ಒಂದೇ ಒಂದು. ಆದ್ದರಿಂದ ಖಾಲಿಯಲ್ಲದ ಯಾವ ಜೋಡಣೆಯನ್ನು ತೆಗೆದುಕೊಂಡರೂ ಅದು `(A)B` ಎಂದು ಒಡೆಯುತ್ತದೆ, ಒಡೆಯುವ ದಾರಿಯೂ ಒಂದೇ. ಉದಾಹರಣೆಗೆ `(()())(())` ಎಂಬುದರಲ್ಲಿ A ಎಂದರೆ `()()`, B ಎಂದರೆ `(())`. ಎರಡೂ ತಾವೇ ಸರಿಯಾದ ಜೋಡಣೆಗಳು, ಖಾಲಿಯೂ ಇರಬಹುದು.

ಈ ‘ಒಂದೇ ದಾರಿ’ ಎಂಬ ಮಾತನ್ನು ನಾನು ಹಗುರವಾಗಿ ಬಿಡುವುದಿಲ್ಲ. ಜೋಡಣೆಯನ್ನು ಸುಮ್ಮನೆ ಎರಡು ತುಂಡು ಮಾಡಿ ಎಣಿಸಲು ಹೊರಟರೆ `()()()` ಎರಡು ಸಲ ಲೆಕ್ಕಕ್ಕೆ ಬರುತ್ತದೆ: ಮೊದಲ ಜೋಡಿಯ ನಂತರ ಕತ್ತರಿಸಿದಾಗ ಒಮ್ಮೆ, ಎರಡನೆಯದರ ನಂತರ ಕತ್ತರಿಸಿದಾಗ ಇನ್ನೊಮ್ಮೆ. ಮುಂದಿನ ಬೀಜಗಣಿತ ಎಷ್ಟೇ ಶುದ್ಧವಾಗಿದ್ದರೂ ಆ ಎಣಿಕೆ ಸರಿಹೋಗುವುದಿಲ್ಲ.

n ಜೋಡಿಗಳಿಂದ ಆಗುವ ಜೋಡಣೆಗಳ ಸಂಖ್ಯೆಯನ್ನು C_n ಎಂದು ಕರೆಯೋಣ. n+1 ಜೋಡಿಗಳಿದ್ದಾಗ ಹೊರಗಿನ ಒಂದು ಜೋಡಿಯನ್ನು ತೆಗೆದಿಟ್ಟರೆ ಉಳಿದ n ಜೋಡಿಗಳಲ್ಲಿ i ಜೋಡಿ A ಗೆ, ಮಿಕ್ಕವು B ಗೆ ಹೋಗುತ್ತವೆ.

```
C_0 = 1
C_(n+1) = C_0·C_n + C_1·C_(n-1) + ... + C_n·C_0
```

ಬಲಗಡೆ ಪದಗಳು ಒಂದನ್ನೊಂದು ಗುಣಿಸುತ್ತಿವೆ. ಹಾಗಾಗಿ ರೇಖೀಯ ಸಂಬಂಧಗಳಿಗೆ ಬಳಸುವ ಲಕ್ಷಣ ಸಮೀಕರಣ ಇಲ್ಲಿ ನಡೆಯುವುದಿಲ್ಲ. ಆದರೆ ಸೂಚ್ಯಂಕಗಳನ್ನು ಗಮನಿಸಿ: ಪ್ರತಿ ಪದದಲ್ಲೂ ಅವುಗಳ ಮೊತ್ತ n. ಎರಡು ಘಾತ ಶ್ರೇಣಿಗಳನ್ನು ಗುಣಿಸಿದಾಗ xⁿ ನ ಸಹಗುಣಕ ಹುಟ್ಟುವುದೂ ಹೀಗೆಯೇ. ಆದ್ದರಿಂದ `C(x) = C_0 + C_1x + C_2x² + ...` ಎಂಬ ಜನರೇಟಿಂಗ್ ಫಂಕ್ಷನ್ ಬರೆದರೆ ಬಲಗಡೆಯ ಇಡೀ ಮೊತ್ತ, ಅಂದರೆ ಕನ್ವಲ್ಯೂಷನ್, C² ಎಂಬ ಒಂದು ಗುರುತಿನಲ್ಲಿ ಅಡಗುತ್ತದೆ. ತೆಗೆದಿಟ್ಟ ಹೊರಗಿನ ಜೋಡಿಗೆ ಒಂದು x, ಖಾಲಿ ಜೋಡಣೆಗೆ 1:

```
C = 1 + x·C²
```

ಇದು C ಯಲ್ಲಿ ವರ್ಗ ಸಮೀಕರಣ. ಮೂಲಗಳ ಸೂತ್ರ ಹಾಕಿದರೆ ± ಚಿಹ್ನೆ ಎದುರಾಗುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು ಎಂಬಲ್ಲಿ ಹಲವರು ತಡವರಿಸುತ್ತಾರೆ. ನಾನು ಸೂತ್ರ ಹಾಕುವ ಬದಲು ಸಮೀಕರಣವನ್ನು 4x ನಿಂದ ಗುಣಿಸಿ ವರ್ಗ ಪೂರ್ಣಗೊಳಿಸುತ್ತೇನೆ:

```
(1 - 2xC)² = 1 - 4x
```

ಎಡಗಡೆಯ ಆವರಣದೊಳಗಿನ ಶ್ರೇಣಿಯ ಸ್ಥಿರ ಪದ 1, ಏಕೆಂದರೆ 2xC ಗೆ ಸ್ಥಿರ ಪದವೇ ಇಲ್ಲ. `1 - 4x` ಗೆ ಎರಡೇ ವರ್ಗಮೂಲ ಶ್ರೇಣಿಗಳಿವೆ; ಒಂದು 1 ರಿಂದ, ಇನ್ನೊಂದು −1 ರಿಂದ ಶುರುವಾಗುತ್ತದೆ. ನಮ್ಮದು ಮೊದಲನೆಯದು. ಇಷ್ಟಕ್ಕೇ ತೀರ್ಮಾನ ಮುಗಿಯಿತು. x ಗೆ ಬೆಲೆ ಕೊಡಬೇಕಿಲ್ಲ, ಸೀಮೆ ತೆಗೆದುಕೊಳ್ಳಬೇಕಿಲ್ಲ. ಈ ದಾರಿ ನನಗೆ ಬಹಳ ಇಷ್ಟ.

```
C = (1 - √(1-4x)) / (2x)
```

ತಪ್ಪು ಮೂಲವನ್ನು ಹಿಡಿದಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. ಅದರ ವಿಸ್ತರಣೆ `1/x - 1 - x - 2x² - ...` ಎಂದು ಬರುತ್ತದೆ: ಮೊದಲಲ್ಲೇ 1/x, ಆಮೇಲೆಲ್ಲ ಋಣ ಸಂಖ್ಯೆಗಳು. ಎಣಿಕೆ ಋಣವಾಗಲಾರದು.

ಇನ್ನು ಉಳಿದದ್ದು ದ್ವಿಪದ ಪ್ರಮೇಯ. ಘಾತ 1/2 ಇಟ್ಟು ಬಿಡಿಸಿದರೆ

```
√(1-4x) = 1 - 2x - 2x² - 4x³ - 10x⁴ - 28x⁵ - ...
```

ಇಲ್ಲಿ n ≥ 1 ಆದಾಗ xⁿ ನ ಸಹಗುಣಕ `-(2n)! / ((2n-1)·n!·n!)`. 2x ನಿಂದ ಭಾಗಿಸುವಾಗ ಘಾತ ಒಂದು ಸ್ಥಾನ ಕೆಳಗಿಳಿಯುತ್ತದೆ. ಹಾಗಾಗಿ C_n ಬೇಕಿದ್ದರೆ n+1 ನೆಯ ಸಹಗುಣಕವನ್ನು ತೆಗೆದುಕೊಂಡು, ಚಿಹ್ನೆ ಬದಲಿಸಿ, ಅರ್ಧ ಮಾಡಬೇಕು. C_4 ಗೆ x⁵ ನ 28 ರ ಅರ್ಧ, ಅಂದರೆ 14. ಈ ಸ್ಥಾನಪಲ್ಲಟವನ್ನು ಮರೆತರೆ 10 ರ ಅರ್ಧ 5 ಸಿಗುತ್ತದೆ; ಅದು C_3. ಇದನ್ನೇ ಎಲ್ಲ n ಗೂ ಬರೆದು ಸರಳಗೊಳಿಸಿದರೆ

```
C_n = (2n)! / (n!·(n+1)!)
```

ಇವೇ ಕ್ಯಾಟಲನ್ ಸಂಖ್ಯೆಗಳು. ಸೂತ್ರ ಕೈಗೆ ಬಂದ ಮೇಲೂ ನಾನು ಮೂಲ ಸಂಬಂಧಕ್ಕೆ ಹಿಂತಿರುಗಿ ತಾಳೆ ನೋಡುತ್ತೇನೆ: 1·5 + 1·2 + 2·1 + 5·1 = 14. ಹೊಂದಿತು.

ಈ ವಿಧಾನ ಎಲ್ಲಿಯವರೆಗೆ ಸಾಗುತ್ತದೆ? ಆವರಣಗಳ ನಡುವೆ ಚುಕ್ಕಿಗಳನ್ನೂ ಇಡಬಹುದು, ಒಟ್ಟು ಚಿಹ್ನೆಗಳು n ಇರಬೇಕು ಎಂದಿಟ್ಟುಕೊಳ್ಳಿ. ಜೋಡಣೆ ಖಾಲಿ ಇರಬಹುದು, ಚುಕ್ಕಿಯಿಂದ ಶುರುವಾಗಬಹುದು, ಇಲ್ಲವೇ `(A)B` ಆಗಬಹುದು. ಇವುಗಳ ಜನರೇಟಿಂಗ್ ಫಂಕ್ಷನ್ M ಎಂದರೆ ಆಗ `M = 1 + xM + x²M²`, ಇದೂ ವರ್ಗ ಸಮೀಕರಣವೇ, ಅದೇ ಹೆಜ್ಜೆಗಳು ಸಾಕು, 1, 1, 2, 4, 9, 21 ಎಂದು ಸಂಖ್ಯೆಗಳು ಬರುತ್ತವೆ. ಆದರೆ ಕನ್ವಲ್ಯೂಷನ್ನಿನ ಪ್ರತಿ ಪದಕ್ಕೂ i ಎಂಬ ಗುಣಕ ಅಂಟಿಕೊಂಡಿದ್ದರೆ ಕಥೆ ಬೇರೆ. i·C_i ಗಳ ಶ್ರೇಣಿ `x·C'(x)` ಆಗುವುದರಿಂದ ಅವಕಲನ ಸಮೀಕರಣ ಎದುರಾಗುತ್ತದೆ, ವರ್ಗ ಪೂರ್ಣಗೊಳಿಸುವ ಈ ಉಪಾಯ ಅಲ್ಲಿಗೆ ನಿಲ್ಲುತ್ತದೆ.